ಬಾರದ ಪೆಟ್ಟಿಗೆಯೂ ಬರೆಯಬೇಕಾದ ದೂರೂ

ಸಹಾರದ ವಿಮಾನನಿಲ್ದಾಣದ ಎರಡನೆಯ ಟರ್ಮಿನಲ್ಲಿನಲ್ಲಿ ಬೆಲ್ಟು ಸುತ್ತುವುದು ನಿಂತು, ಸಹಪ್ರಯಾಣಿಕರೆಲ್ಲರೂ ತಮ್ಮ ತಮ್ಮ ಪೆಟ್ಟಿಗೆಗಳನ್ನು ಟ್ರಾಲಿಗೇರಿಸಿಕೊಂಡು ಹೊರಟುಹೋದ ಮೇಲೂ ತನ್ನದು ಬಾರದೆ ಉಳಿದಾಗ, ಪ್ರಯಾಣಿಕನು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡುತ್ತಾನೆ: ಕೌಂಟರಿನವರೊಡನೆ ಜಗಳವಾಡುತ್ತಾನೆ, ಇಲ್ಲವೆ ಅವರು ಕೊಟ್ಟ ಚೀಟಿಯನ್ನು ಓದದೆಯೇ ಮಡಿಚಿಟ್ಟುಕೊಂಡು ಮನೆಗೆ ಹೋಗುತ್ತಾನೆ. ಈ ಎರಡರಿಂದಲೂ ಮುಂದಿನ ಪರಿಹಾರಕ್ಕೆ ಯಾವ ಆಧಾರವೂ ಒದಗುವುದಿಲ್ಲ. ವಿಮಾನಸಾರಿಗೆಯ ಕಾನೂನು ಈ ವಿಷಯದಲ್ಲಿ ಪ್ರಯಾಣಿಕನ ಪಕ್ಷದಲ್ಲಿಯೇ ಇದೆ. ಪೆಟ್ಟಿಗೆ ಯಾರ ತಪ್ಪಿನಿಂದ ಹೋಯಿತೆಂದು ಅವನು ರುಜುವಾತು ಮಾಡಬೇಕಾಗಿಲ್ಲ, ಅದು ವಿಮಾನಸಂಸ್ಥೆಯ ವಶದಲ್ಲಿದ್ದಾಗ ಹೋಯಿತೆಂಬುದಷ್ಟೇ ಸಾಕು. ಆದರೆ ಆ ಪೆಟ್ಟಿಗೆಯೊಳಗೆ ಏನಿತ್ತು, ಅದರ ಬೆಲೆಯೆಷ್ಟು ಎಂಬುದನ್ನು ತೋರಿಸುವ ಭಾರವೆಲ್ಲವೂ ಅವನ ಮೇಲೆಯೇ ಬೀಳುತ್ತದೆ. ದೂರಿನ ಗೆಲುವು ಸೋಲುಗಳು ಬಹುಮಟ್ಟಿಗೆ ಈ ಎರಡನೆಯ ಅಂಶದಲ್ಲಿ ಅಡಗಿರುವುದರಿಂದ, ನಾನು ಇಲ್ಲಿ ಹೇಳಲಿರುವುದರಲ್ಲಿ ಹೆಚ್ಚಿನ ಪಾಲು ಅದಕ್ಕೇ ಮೀಸಲು.

ಮೊದಲು ಕಾನೂನಿನ ಚೌಕಟ್ಟನ್ನು ಸ್ವಲ್ಪದರಲ್ಲಿ ತಿಳಿದುಕೊಳ್ಳೋಣ. 1999ರಲ್ಲಿ ಮಾಂಟ್ರಿಯಲ್ ನಗರದಲ್ಲಿ ರಚಿತವಾದ ಅಂತಾರಾಷ್ಟ್ರೀಯ ಒಪ್ಪಂದವು ನಮ್ಮ ದೇಶದ 1972ರ ವಿಮಾನಸಾರಿಗೆ ಅಧಿನಿಯಮದ ಮೂರನೆಯ ಅನುಸೂಚಿಯಾಗಿ ಸೇರಿಕೊಂಡು, 2009ರಿಂದ ಭಾರತದಲ್ಲಿ ಜಾರಿಯಲ್ಲಿದೆ. ಅದರ ಪ್ರಕಾರ, ಸಂಸ್ಥೆಯೇ ನಷ್ಟವನ್ನು ಒಪ್ಪಿಕೊಂಡರೆ ಒಡನೆಯೂ, ಒಪ್ಪದಿದ್ದರೆ ಪೆಟ್ಟಿಗೆ ಬರಬೇಕಾಗಿದ್ದ ದಿನದಿಂದ 21 ದಿನಗಳು ಕಳೆದ ಮೇಲೆಯೂ ಅದನ್ನು ಕಳೆದುಹೋದದ್ದೆಂದೇ ಪರಿಗಣಿಸಿ ಪರಿಹಾರ ಕೇಳುವ ಹಕ್ಕು ಪ್ರಯಾಣಿಕನಿಗೆ ಪ್ರಾಪ್ತವಾಗುತ್ತದೆ. ಪರಿಹಾರಕ್ಕೆ ಒಂದು ಗರಿಷ್ಠ ಮಿತಿಯುಂಟು. ಅದನ್ನು ಡಾಲರಿನಲ್ಲಿಯೂ ಹೇಳಿಲ್ಲ, ರೂಪಾಯಿಯಲ್ಲಿಯೂ ಹೇಳಿಲ್ಲ. ಡಾಲರ್, ಯೂರೋ, ಯುವಾನ್, ಯೆನ್, ಪೌಂಡ್ ಎಂಬ ಐದು ನಾಣ್ಯಗಳನ್ನು ಕೂಡಿಸಿ ಅಂತಾರಾಷ್ಟ್ರೀಯ ಹಣಕಾಸು ನಿಧಿಯು ಲೆಕ್ಕಹಾಕುವ ಎಸ್‌ಡಿಆರ್ ಎಂಬ ಮಾನದಲ್ಲಿ ಹೇಳಿದೆ. ಮೊದಲು 1000 ಇದ್ದ ಈ ಮಿತಿಯು ಕಾಲಕಾಲಕ್ಕೆ ಏರಿ, 2024ರ ಡಿಸೆಂಬರ್ 28ರಿಂದ ಒಪ್ಪಂದದಲ್ಲಿ ಪ್ರಯಾಣಿಕನೊಬ್ಬನಿಗೆ 1519 ಆಗಿದೆ. ಈಚಿನ ವಿನಿಮಯದರಗಳಲ್ಲಿ ಇದು ಒಂದೂ ಮುಕ್ಕಾಲು ಲಕ್ಷ ರೂಪಾಯಿಗೂ ಎರಡು ಲಕ್ಷಕ್ಕೂ ನಡುವೆ ಬರುತ್ತದೆ. ಮಂಗಳೂರಿನಿಂದ ಮುಂಬಯಿಗೆ ಬರುವಂಥ ದೇಶದೊಳಗಿನ ಯಾನಕ್ಕಾದರೋ ಸರ್ಕಾರದ ಪ್ರಯಾಣಿಕರ ಸನ್ನದು ಹೇಳುವ ಮಿತಿ 20,000 ರೂಪಾಯಿ ಮಾತ್ರ. ಆದರೆ ಮಂಗಳೂರಿನಿಂದ ಮುಂಬಯಿಗೂ ಅಲ್ಲಿಂದ ಲಂಡನ್ನಿಗೂ ಒಂದೇ ಟಿಕೆಟ್ಟಿನಲ್ಲಿ ಹೊರಟಿದ್ದರೆ ಮಂಗಳೂರು–ಮುಂಬಯಿ ಭಾಗವೂ ಅಂತಾರಾಷ್ಟ್ರೀಯ ಯಾನದ ಅಂಗವೇ ಆಗುತ್ತದೆಂಬುದನ್ನು ಮರೆಯಬಾರದು.

ಈ ಮಿತಿಯ ವಿಷಯದಲ್ಲಿ ವ್ಯಾಪಕವಾದ ಒಂದು ತಪ್ಪುತಿಳಿವಳಿಕೆಯಿದೆ. ಪೆಟ್ಟಿಗೆ ಹೋದರೆ ಆ ಮೊತ್ತವು ತಾನಾಗಿಯೇ ಕೈಗೆ ಬರುತ್ತದೆಂದು ಅನೇಕರು ನಂಬಿದ್ದಾರೆ. 2017ರ ಸೆಪ್ಟೆಂಬರಿನಲ್ಲಿ ಸ್ಪೇನಿನ ಇಬಿಜಾದಿಂದ ಬಾರ್ಸಿಲೋನಾ ಮಾರ್ಗವಾಗಿ ಫುಯೆರ್ತೆವೆಂತುರಾ ದ್ವೀಪಕ್ಕೆ ಹೋದ ಪ್ರಯಾಣಿಕರೊಬ್ಬರು, ತಮ್ಮ ಪೆಟ್ಟಿಗೆ ಸಂಪೂರ್ಣವಾಗಿ ಕಳೆದುಹೋದುದರಿಂದ ಗರಿಷ್ಠ ಮೊತ್ತವನ್ನೇ ಕೊಡಬೇಕೆಂದು ವೂಎಲಿಂಗ್ ಎಂಬ ಸಂಸ್ಥೆಯ ಮೇಲೆ ದಾವೆ ಹೂಡಿದರು. ಸಂಸ್ಥೆ 250 ಯೂರೋ ಕೊಡಲು ಮಾತ್ರ ಸಿದ್ಧವಿತ್ತು. 2020ರ ಜುಲೈ 9ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯವು, ಆ ಮೊತ್ತವು ಪರಿಹಾರದ ಮೇಲ್ಮಿತಿಯೇ ಹೊರತು ನಿಗದಿಯಾದ ಪರಿಹಾರವಲ್ಲವೆಂದೂ, ಒಳಗಿದ್ದ ವಸ್ತುಗಳನ್ನೂ ಅವುಗಳ ಬೆಲೆಯನ್ನೂ ಪ್ರಯಾಣಿಕರೇ ತಕ್ಕಮಟ್ಟಿಗೆ ತೋರಿಸಿಕೊಡಬೇಕೆಂದೂ ತೀರ್ಮಾನಿಸಿತು. ಅದು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವ ತೀರ್ಪಲ್ಲವಾದರೂ ಒಪ್ಪಂದದ ವಾಕ್ಯಗಳು ಎಲ್ಲೆಡೆಯೂ ಒಂದೇ ಆಗಿರುವುದರಿಂದ, ವಿಮಾನಸಂಸ್ಥೆಯ ಕಚೇರಿಯಲ್ಲಿ ಕುಳಿತು ನಮ್ಮ ದೂರನ್ನು ಪರಿಶೀಲಿಸುವವನ ದೃಷ್ಟಿಯೂ ಇದೇ ಆಗಿರುತ್ತದೆಂದು ತಿಳಿಯತಕ್ಕದ್ದು.

ಇನ್ನು ಒಂದು ನಿದರ್ಶನವನ್ನು ಕಲ್ಪಿಸಿಕೊಂಡು ಅದರ ಜಾಡಿನಲ್ಲಿಯೇ ಮುಂದುವರಿಯೋಣ. ಮುಲುಂಡಿನಲ್ಲಿ ನೆಲೆಸಿರುವ, ನಿವೃತ್ತ ಅಧ್ಯಾಪಿಕೆಯಾದ ಕನ್ನಡತಿಯೊಬ್ಬರು ಮಗನ ಮನೆಯಲ್ಲಿ ಕೆಲವು ತಿಂಗಳಿದ್ದು, ಲಂಡನ್ನಿನಿಂದ ಕೊಲ್ಲಿಯ ನಗರವೊಂದರಲ್ಲಿ ವಿಮಾನ ಬದಲಿಸಿ, 2025ರ ಮಾರ್ಚ್ 3ರಂದು ಮುಂಬಯಿಗೆ ಹಿಂದಿರುಗುತ್ತಾರೆ. ಕೊಟ್ಟಿದ್ದ ಎರಡು ಪೆಟ್ಟಿಗೆಗಳಲ್ಲಿ ಒಂದು ಬರುತ್ತದೆ, 23 ಕಿಲೋ ತೂಕದ ನೀಲಿ ಪೆಟ್ಟಿಗೆ ಬರುವುದಿಲ್ಲ.

ಅವರು ಮಾಡಬೇಕಾದ ಮೊದಲ ಕಾರ್ಯವು ಕಸ್ಟಮ್ಸ್ ದಾಟುವ ಮುನ್ನವೇ ಆಗತಕ್ಕದ್ದು, ಏಕೆಂದರೆ ಒಮ್ಮೆ ಹೊರಬಾಗಿಲನ್ನು ದಾಟಿದವರಿಗೆ ಮತ್ತೆ ಒಳಗೆ ಪ್ರವೇಶವಿರುವುದಿಲ್ಲ. ಬೆಲ್ಟಿನ ಸಮೀಪದಲ್ಲಿಯೇ ಇರುವ ಸಂಸ್ಥೆಯ ಬ್ಯಾಗೇಜ್ ಕೌಂಟರಿನಲ್ಲಿ ಪಿಐಆರ್ ಎಂಬ ವರದಿಯನ್ನು ಬರೆಸಬೇಕು. ಬೋರ್ಡಿಂಗ್ ಪಾಸಿನ ಹಿಂಬದಿಗೋ ಪಾಸ್‌ಪೋರ್ಟಿನ ರಟ್ಟಿಗೋ ಅಂಟಿಸಿಕೊಟ್ಟಿದ್ದ ಸಣ್ಣ ಚೀಟಿಯೇ ಇಲ್ಲಿ ಪ್ರಧಾನವಾದ ದಾಖಲೆ. ಅದರ ಹತ್ತು ಅಂಕೆಗಳ ಸಂಖ್ಯೆಯಲ್ಲಿ ಮೊದಲನೆಯದನ್ನು ಬಿಟ್ಟು ಮುಂದಿನ ಮೂರು ಅಂಕೆಗಳು ವಿಮಾನಸಂಸ್ಥೆಯನ್ನೂ, ಕೊನೆಯ ಆರು ಅಂಕೆಗಳು ಪೆಟ್ಟಿಗೆಯನ್ನೂ ಗುರುತಿಸುತ್ತವೆ. ಎರಡು ಪೆಟ್ಟಿಗೆಗಳಿದ್ದಾಗ, ಬಂದ ಪೆಟ್ಟಿಗೆಯ ಚೀಟಿಯನ್ನು ಬಾರದ್ದಕ್ಕೆ ಬರೆಸಿಬಿಡುವ ಪ್ರಮಾದ ಸಾಮಾನ್ಯವಾದದ್ದು; ಬಂದ ಪೆಟ್ಟಿಗೆಯ ಹಿಡಿಗೆ ಸುತ್ತಿದ ಪಟ್ಟಿಯಲ್ಲಿರುವ ಸಂಖ್ಯೆಯೊಡನೆ ಹೋಲಿಸಿ ನೋಡಿದರೆ ಅದು ತಪ್ಪುತ್ತದೆ. ವರದಿಗೆ ಮುಂಬಯಿಯಲ್ಲಾದರೆ `BOM` ಎಂಬ ಮೂರು ಅಕ್ಷರಗಳು, ಸಂಸ್ಥೆಯ ಎರಡು ಅಕ್ಷರಗಳು, ಬಳಿಕ ಐದು ಅಂಕೆಗಳು ಸೇರಿದ, `BOMXX12345` ಎಂಬಂಥ ಉಲ್ಲೇಖಸಂಖ್ಯೆ ಬೀಳುತ್ತದೆ. ಲೋಕದ ನಾನಾ ನಿಲ್ದಾಣಗಳಲ್ಲಿ ಬಿದ್ದಿರುವ ಪೆಟ್ಟಿಗೆಗಳನ್ನು ಹುಡುಕುವ ವರ್ಲ್ಡ್‌ಟ್ರೇಸರ್ ಎಂಬ ವ್ಯವಸ್ಥೆ ಈ ಸಂಖ್ಯೆಯನ್ನೇ ಹಿಡಿದು ನಡೆಯುತ್ತದೆ. ಪೆಟ್ಟಿಗೆಯ ಬಣ್ಣ, ಮಾದರಿ, ಗಾಲಿ, ಕಂಪನಿಯ ಹೆಸರು, ಅಂಟಿಸಿದ ಗುರುತು, ಇವನ್ನು ಅಲ್ಲಿ ತೋರಿಸುವ ಚಿತ್ರಪಟ ನೋಡಿ ಸರಿಯಾಗಿ ಹೇಳಬೇಕು, ಏಕೆಂದರೆ ಚೀಟಿ ಹರಿದುಹೋಗಿರುವ ಪೆಟ್ಟಿಗೆಯನ್ನು ಗುರುತಿಸಲು ಇರುವ ಮಾರ್ಗ ಅದೊಂದೇ.

ಅದೇ ಸ್ಥಳದಲ್ಲಿ ಮಾಡಬೇಕಾದ, ಆದರೆ ಬಹುಜನರಿಗೆ ತಿಳಿಯದ ಇನ್ನೊಂದು ಕಾರ್ಯವಿದೆ. ಪರದೇಶದಿಂದ ಬರುವವನಿಗೆ ಸುಂಕವಿಲ್ಲದೆ ತರಬಹುದಾದ ಸಾಮಾನಿನ ಮೌಲ್ಯಕ್ಕೆ ಒಂದು ರಿಯಾಯಿತಿಯಿದೆಯಷ್ಟೆ. ಪೆಟ್ಟಿಗೆ ಹಿಂದೆ ಉಳಿದಿರುವಾಗ ಆ ರಿಯಾಯಿತಿಯಲ್ಲಿ ಬಳಸದೆ ಉಳಿದ ಭಾಗವೆಷ್ಟೆಂಬುದನ್ನು ಸಂಸ್ಥೆಯ ಪ್ರಮಾಣಪತ್ರದ ಮೇಲೆ ಕಸ್ಟಮ್ಸ್ ಅಧಿಕಾರಿಯಿಂದ ಬರೆಸಿ ಸಹಿ ಹಾಕಿಸಿಕೊಂಡರೆ, ಪೆಟ್ಟಿಗೆ ತಡವಾಗಿ ಬಂದಾಗ ಆ ಭಾಗವನ್ನು ಬಳಸಿಕೊಳ್ಳಬಹುದು. ಈ ಸಹಿ ಪರಿಹಾರದ ದೂರಿಗೂ ಒಂದು ಉಪಯೋಗವನ್ನು ಮಾಡುತ್ತದೆ: ಆ ದಿನ, ಆ ವಿಮಾನದಿಂದ, ಆ ಪೆಟ್ಟಿಗೆಯಿಲ್ಲದೆ ಪ್ರಯಾಣಿಕನು ಹೊರಟನೆಂಬುದಕ್ಕೆ ಸಂಸ್ಥೆಗೆ ಸಂಬಂಧಪಡದ ಸರ್ಕಾರಿ ಸಾಕ್ಷ್ಯವೊಂದು ದೊರೆತಂತಾಗುತ್ತದೆ.

ಪಿಐಆರ್ ಬರೆಸಿದೆವು, ಆದುದರಿಂದ ದೂರು ಕೊಟ್ಟೆವು ಎಂದು ಭಾವಿಸುವುದು ಅಪಾಯಕರ. ಅದು ಘಟನೆಯ ವರದಿ ಮಾತ್ರ, ಪರಿಹಾರದ ಬೇಡಿಕೆಯಲ್ಲ. ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1980ರಲ್ಲಿ ತೀರ್ಮಾನಿಸಿದ ಮೊನಾರ್ಕ್ ಏರ್‌ಲೈನ್ಸಿನ ಮೊಕದ್ದಮೆಯನ್ನು ಈ ಪ್ರಸಂಗದಲ್ಲಿ ನೆನೆಯದೆ ಇರಲಾಗದು. 1975ರಲ್ಲಿ ರೋಮಿನಿಂದ ಲೂಟನ್ನಿಗೆ ಹಿಂದಿರುಗಿದ ಪ್ರಯಾಣಿಕನೊಬ್ಬನು ತನ್ನ ಪೆಟ್ಟಿಗೆಯ ಪಕ್ಕ ಹರಿದಿರುವುದನ್ನು ಕಂಡು ನಿಲ್ದಾಣದಲ್ಲಿಯೇ ವರದಿ ಬರೆಸಿದನು. ಮನೆಗೆ ಹೋಗಿ ತೆರೆದು ನೋಡಲಾಗಿ ಒಳಗಿನ ಕೆಲವು ಉಡುಪುಗಳೂ ಒಂದು ಜೊತೆ ಪಾದರಕ್ಷೆಯೂ ಕಾಣೆಯಾಗಿದ್ದುವು. ಅವುಗಳ ಬೆಲೆ ಹದಿನಾರೂವರೆ ಪೌಂಡು ಮಾತ್ರ. ಒಳಗಿನ ವಸ್ತುಗಳು ಹೋದ ವಿಷಯವನ್ನು ಸಂಸ್ಥೆಗೆ ತಿಳಿಸುವಷ್ಟರಲ್ಲಿ ಏಳು ದಿನಗಳ ಅವಧಿ ಕಳೆದುಹೋಗಿತ್ತು. ಪೆಟ್ಟಿಗೆ ಕೈಸೇರಿ ಒಳಗಿನದು ಮಾತ್ರ ಹೋಗಿದ್ದರೆ ಅದು ಹಾನಿಯೆಂಬ ವರ್ಗಕ್ಕೇ ಸೇರತಕ್ಕದ್ದೆಂದೂ, ಹರಿದುದನ್ನು ಮಾತ್ರ ಹೇಳಿದ ವರದಿಯು ಒಳಗಿನ ನಷ್ಟಕ್ಕೆ ದೂರಾಗದೆಂದೂ ಹೇಳಿ ಅತ್ಯುನ್ನತ ನ್ಯಾಯಪೀಠವು ಅವನ ಬೇಡಿಕೆಯನ್ನು ತಳ್ಳಿಹಾಕಿತು. ಈಗಿನ ಒಪ್ಪಂದದಲ್ಲಿಯೂ ಅವಧಿಗಳು ಅಷ್ಟೇ ಕಠಿಣವಾಗಿವೆ. ಪೆಟ್ಟಿಗೆ ಒಡೆದು ಬಂದರೆ ಅಥವಾ ಒಳಗಿನದು ಕಡಮೆಯಾಗಿ ಬಂದರೆ ಕೈಸೇರಿದ ದಿನದಿಂದ 7 ದಿನಗಳೊಳಗಾಗಿಯೂ, ತಡವಾಗಿ ಬಂದರೆ ಕೈಸೇರಿದಂದಿನಿಂದ 21 ದಿನಗಳೊಳಗಾಗಿಯೂ ಲಿಖಿತವಾಗಿ ದೂರು ಕೊಡಬೇಕು. ಸಂಪೂರ್ಣವಾಗಿ ಕಳೆದುಹೋದದ್ದಕ್ಕೆ ಒಪ್ಪಂದವು ಇಂಥ ಅವಧಿಯನ್ನು ಹೇಳಿಲ್ಲವಾದರೂ, ಕಳೆದುದೆಂದು ತಿಳಿದದ್ದು ಮುರಿದ ಬೀಗದೊಡನೆ ಯಾವ ದಿನ ಬಾಗಿಲಿಗೆ ಬಂದೀತೆಂದು ಯಾರೂ ಹೇಳಲಾರರು.

ಆದುದರಿಂದ ನಮ್ಮ ಅಧ್ಯಾಪಿಕೆಯವರು ಮನೆ ಸೇರಿದ ರಾತ್ರಿಯೇ ಪೆಟ್ಟಿಗೆಯೊಳಗಿದ್ದ ವಸ್ತುಗಳ ಪಟ್ಟಿಯನ್ನು ಮಾಡಲು ತೊಡಗಬೇಕು. ಐದಾರು ದಿನಗಳಲ್ಲಿ ಪೆಟ್ಟಿಗೆ ಸಿಕ್ಕದಿದ್ದರೆ ಶೋಧನೆಯು ನಿಲ್ದಾಣದ ಕಚೇರಿಯಿಂದ ಸಂಸ್ಥೆಯ ಕೇಂದ್ರ ಶೋಧವಿಭಾಗಕ್ಕೆ ಹೋಗುತ್ತದೆ, ಆಗ ಅವರು ಒಳಗಿನ ವಸ್ತುಗಳ ನಮೂನೆಯೊಂದನ್ನು ತುಂಬಿ ಕಳುಹಿಸುವಂತೆ ಕೇಳುತ್ತಾರೆ. ಅದು ಪೆಟ್ಟಿಗೆಯನ್ನು ಗುರುತಿಸುವುದಕ್ಕೆಂದು ಕೇಳಿದ್ದಾದರೂ, ಮುಂದೆ ಪರಿಹಾರವನ್ನು ಕೇಳಿದಾಗ ಆ ನಮೂನೆಯನ್ನೂ ಈ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದು ಖಂಡಿತ. ಅವಸರದಲ್ಲಿ ನಾಲ್ಕು ಸೀರೆ, ಒಂದು ಕೋಟು ಎಂದು ಬರೆದು ಕಳುಹಿಸಿ, ಮೂರು ವಾರಗಳ ಮೇಲೆ ಇಪ್ಪತ್ತು ಬಾಬುಗಳ ಪಟ್ಟಿಯನ್ನು ಕೊಟ್ಟರೆ, ಎರಡನೆಯದು ಸತ್ಯವೇ ಆಗಿದ್ದರೂ ಸಂಶಯಕ್ಕೆಡೆಯಾಗುತ್ತದೆ. ನನ್ನ ದೃಷ್ಟಿಯಲ್ಲಿ ಪ್ರಾಮಾಣಿಕರಾದ ಪ್ರಯಾಣಿಕರು ಹಣ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ.

ಪಟ್ಟಿಯನ್ನು ಮಾಡುವಾಗ ಪ್ರತಿಯೊಂದು ವಸ್ತುವಿಗೂ ನಾಲ್ಕು ಸಂಗತಿಗಳು ಬೇಕು: ಏನು, ಯಾವಾಗ ಕೊಂಡದ್ದು, ಆಗಿನ ಬೆಲೆ, ಈಗ ಕೇಳುವ ಬೆಲೆ. ಬಳಸಿದ ವಸ್ತುವಿಗೆ ಹೊಸದರ ಬೆಲೆಯನ್ನು ಸಂಸ್ಥೆ ಕೊಡುವುದಿಲ್ಲ. ನಾವಾಗಿಯೇ ಸವಕಳಿಯನ್ನು ಕಳೆದು ಕೇಳಿದರೆ ಅವರು ತಮಗೆ ತೋಚಿದಂತೆ ಕಳೆಯುವ ಅವಕಾಶ ಕಡಮೆಯಾಗುತ್ತದೆ. ಬಿಲ್ಲುಗಳಿದ್ದರೆ ಉತ್ತಮ. ಇಲ್ಲದಿದ್ದರೆ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿಯೋ ಕಾರ್ಡಿನ ಲೆಕ್ಕದಲ್ಲಿಯೋ ಆ ದಿನ ಆ ಅಂಗಡಿಗೆ ಹಣ ಹೋದ ಸಾಲು, ಸೀರೆಯನ್ನುಟ್ಟು ತೆಗೆಸಿಕೊಂಡ ಸಮಾರಂಭದ ಛಾಯಾಚಿತ್ರ, ಕನ್ನಡಕಕ್ಕೆ ವೈದ್ಯರು ಬರೆದ ಚೀಟಿ, ಇವೂ ಸಾಕ್ಷ್ಯಗಳೇ. ಮಾಟುಂಗದ ಹಳೆಯ ಪರಿಚಯದ ಅಂಗಡಿಯವರು ತಮ್ಮ ಪುಸ್ತಕದಲ್ಲಿ ನೋಡಿ ಬಿಲ್ಲಿನ ಪ್ರತಿಯನ್ನು ಕೊಡಲೂಬಹುದು. ಇದಲ್ಲದೆ ಪಟ್ಟಿಯು ಪೆಟ್ಟಿಗೆಯ ತೂಕಕ್ಕೆ ಹೊಂದಿಕೊಳ್ಳಬೇಕು. ಕೊಡುವಾಗ 23 ಕಿಲೋ ಎಂದು ದಾಖಲಾದ ಪೆಟ್ಟಿಗೆಯಲ್ಲಿ, ಖಾಲಿ ಪೆಟ್ಟಿಗೆಯ ನಾಲ್ಕೈದು ಕಿಲೋಗಳನ್ನು ಕಳೆದರೆ, ಹದಿನೆಂಟು ಕಿಲೋ ಸಾಮಾನು ಹಿಡಿದಿರುತ್ತದೆ. ನಮ್ಮ ಪಟ್ಟಿಯ ವಸ್ತುಗಳೆಲ್ಲವೂ ಸೇರಿ ಮೂವತ್ತು ಕಿಲೋ ತೂಗುವಂತಿದ್ದರೂ, ಏಳೇ ಕಿಲೋ ಆಗುವಂತಿದ್ದರೂ ಪರಿಶೀಲಕನಿಗೆ ಕೂಡಲೇ ಗೊತ್ತಾಗುತ್ತದೆ.

ಚಿನ್ನ, ನಗದು, ಲ್ಯಾಪ್‌ಟಾಪು, ಮೂಲ ದಾಖಲೆಗಳು ಇವನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕೆಂದು ಸಂಸ್ಥೆಗಳು ತಮ್ಮ ನಿಬಂಧನೆಗಳಲ್ಲಿ ಬರೆದಿರುತ್ತವೆ. ಒಪ್ಪಂದದಲ್ಲಿ ಪ್ರಯಾಣಿಕನ ಅಲಕ್ಷ್ಯದ ಮಟ್ಟಿಗೆ ಪರಿಹಾರವನ್ನು ಇಳಿಸುವುದಕ್ಕೂ ಅವಕಾಶವಿರುವುದರಿಂದ, ಬಳೆ ಸರಗಳನ್ನು ಪೆಟ್ಟಿಗೆಯಲ್ಲಿಟ್ಟು ಕಳೆದುಕೊಂಡವರು ಅವುಗಳ ಬೆಲೆ ಪಡೆಯುವುದು ದುಸ್ಸಾಧ್ಯ. ಬೆಲೆಬಾಳುವ ಸಾಮಾನನ್ನು ಪೆಟ್ಟಿಗೆಯಲ್ಲಿಯೇ ಕಳುಹಿಸಲೇಬೇಕಾಗಿದ್ದರೆ, ಕೊಡುವಾಗಲೇ ಅದರ ಮೌಲ್ಯವನ್ನು ವಿಶೇಷವಾಗಿ ಘೋಷಿಸಿ, ಅಗತ್ಯವಿದ್ದಲ್ಲಿ ಹೆಚ್ಚಿನ ಶುಲ್ಕವನ್ನು ತೆತ್ತು ಮಿತಿಯನ್ನೇ ಮೇಲಕ್ಕೇರಿಸಿಕೊಳ್ಳುವ ದಾರಿಯನ್ನು ಒಪ್ಪಂದವು ತೆರೆದಿಟ್ಟಿದೆ.

ಮಾರ್ಚ್ 3ರಿಂದ ಎಣಿಸಿದರೆ 21 ದಿನಗಳು ಮಾರ್ಚ್ 24ಕ್ಕೆ ಮುಗಿಯುತ್ತವೆ. ಭಾನುವಾರಗಳೂ ರಜಾದಿನಗಳೂ ಲೆಕ್ಕಕ್ಕೆ ಸೇರುತ್ತವೆ. ಅಷ್ಟರವರೆಗೆ ಸುಮ್ಮನಿರದೆ, ಮೊದಲ ವಾರದಲ್ಲಿಯೇ ಒಂದು ಸಣ್ಣ ಪತ್ರವನ್ನು ಇ–ಮೇಲಿನಲ್ಲಿ ಕಳುಹಿಸಿ ವಿಷಯವನ್ನು ದಾಖಲು ಮಾಡಿರಬೇಕು. ಅವಧಿ ಮುಗಿದ ಮೇಲೆ ಕಳುಹಿಸುವ ಪೂರ್ಣ ದೂರನ್ನು ಸಂಸ್ಥೆಗೆ ಇಂಗ್ಲಿಷಿನಲ್ಲಿಯೇ ಬರೆಯಬೇಕಾದೀತಾದರೂ, ಅದರ ಅಡಕವು ಹೀಗಿರಬಹುದು:

ದಿನಾಂಕ: 26 ಮಾರ್ಚ್ 2025
ಗೆ: ಬ್ಯಾಗೇಜ್ ಪರಿಹಾರ ವಿಭಾಗ, ಪ್ರತಿ: ನೋಡಲ್ ಅಧಿಕಾರಿ, ಮುಂಬಯಿ
ವಿಷಯ: ಪಿಐಆರ್ `BOMXX12345`, ಕಳೆದುಹೋದ ಒಂದು ಪೆಟ್ಟಿಗೆಗೆ ಪರಿಹಾರದ ಬೇಡಿಕೆ

ಮಾನ್ಯರೆ,

ನಾನು ಮಾರ್ಚ್ 2ರಂದು ಲಂಡನ್ನಿನಿಂದ ಹೊರಟು 3ರಂದು ಮುಂಬಯಿಗೆ ತಮ್ಮ ವಿಮಾನಗಳಲ್ಲಿ ಪ್ರಯಾಣ ಮಾಡಿದೆನು. ನಾನು ಒಪ್ಪಿಸಿದ ಎರಡು ಪೆಟ್ಟಿಗೆಗಳಲ್ಲಿ 23 ಕಿಲೋ ತೂಕದ ನೀಲಿ ಪೆಟ್ಟಿಗೆಯು ನನ್ನ ಕೈಸೇರಲಿಲ್ಲ. ಟಿಕೆಟ್ಟು, ಬೋರ್ಡಿಂಗ್ ಪಾಸು, ಪೆಟ್ಟಿಗೆಯ ಚೀಟಿ ಇವುಗಳ ಪ್ರತಿಗಳನ್ನು ಲಗತ್ತಿಸಿದೆ.

ನಡೆದದ್ದು: ಮಾರ್ಚ್ 3ರಂದು ಕಸ್ಟಮ್ಸ್ ದಾಟುವ ಮುನ್ನ ಪಿಐಆರ್ ಬರೆಸಿ, ಕಸ್ಟಮ್ಸ್ ಅಧಿಕಾರಿಯ ಸಹಿ ಪಡೆದೆನು. 6ರಂದು ಇ–ಮೇಲಿನಲ್ಲಿ ಲಿಖಿತ ಸೂಚನೆ ಕೊಟ್ಟೆನು. 9ರಂದು ತಾವು ಕೇಳಿದ ವಸ್ತುಗಳ ನಮೂನೆಯನ್ನು ತುಂಬಿ ಕಳುಹಿಸಿದೆನು. 11 ಮತ್ತು 17ರಂದು ಸಹಾರದ ಕಚೇರಿಗೆ ಬಂದು ವಿಚಾರಿಸಿದಾಗ ಪೆಟ್ಟಿಗೆಯ ಸುಳಿವು ಸಿಕ್ಕಿಲ್ಲವೆಂದು ತಿಳಿಸಲಾಯಿತು. 24ರಂದು 21 ದಿನಗಳು ಪೂರ್ತಿಯಾದುವು.

ಪೆಟ್ಟಿಗೆಯಲ್ಲಿದ್ದ ವಸ್ತುಗಳು, ಸವಕಳಿ ಕಳೆದು:
ಗಟ್ಟಿಮೈಯ ಪೆಟ್ಟಿಗೆ, 2023ರಲ್ಲಿ ಕೊಂಡದ್ದು: ರೂ. 6,500
ಮೈಸೂರು ರೇಷ್ಮೆ ಸೀರೆ, 2023, ಬಿಲ್ಲು ಇದೆ: ರೂ. 22,000
ಕಂಚಿಯ ರೇಷ್ಮೆ ಸೀರೆ, 2021, ಕಾರ್ಡಿನ ಲೆಕ್ಕವೂ ಛಾಯಾಚಿತ್ರವೂ ಇವೆ: ರೂ. 14,000
ಉಣ್ಣೆಯ ಕೋಟು, ಲಂಡನ್, ಜನವರಿ 2025, ಬಿಲ್ಲು ಇದೆ: ರೂ. 13,000
ನಡಿಗೆಯ ಷೂ, ಡಿಸೆಂಬರ್ 2024, ಬಿಲ್ಲು ಇದೆ: ರೂ. 5,000
ನಿತ್ಯದ ಉಡುಪುಗಳು, ಸ್ವೆಟರುಗಳು, ಬಿಲ್ಲಿಲ್ಲ, ವಿವರಪಟ್ಟಿ ಲಗತ್ತಿಸಿದೆ: ರೂ. 12,000
ಬಂಧುಗಳಿಗೆ ತಂದ ಉಡುಗೊರೆಗಳು, ಕಾರ್ಡಿನ ಲೆಕ್ಕವಿದೆ: ರೂ. 9,400
ಪುಸ್ತಕಗಳು: ರೂ. 3,000
ಎರಡನೆಯ ಕನ್ನಡಕ, ವೈದ್ಯರ ಚೀಟಿ ಇದೆ: ರೂ. 6,000
ಒಟ್ಟು: ರೂ. 90,900

ಇದಲ್ಲದೆ, ಪೆಟ್ಟಿಗೆಯಲ್ಲಿದ್ದ ರಕ್ತದೊತ್ತಡದ ಔಷಧಗಳಿಗೆ ಬದಲಾಗಿ ಕೊಂಡವುಗಳಿಗೆ ರೂ. 1,800, ಎರಡು ಬಾರಿ ಸಹಾರಕ್ಕೆ ಬಂದುಹೋದ ಟ್ಯಾಕ್ಸಿಗೆ ರೂ. 1,400, ಈ ಪೆಟ್ಟಿಗೆಗೆಂದೇ ತೆತ್ತ ಹೆಚ್ಚುವರಿ ಶುಲ್ಕ ರೂ. 5,600. ಎಲ್ಲವೂ ಸೇರಿ ನಾನು ಕೇಳುವ ಪರಿಹಾರ ರೂ. 99,700. ಇದು ಮಾಂಟ್ರಿಯಲ್ ಒಪ್ಪಂದದ ಮಿತಿಯೊಳಗಿದೆ. ಈ ಪತ್ರ ತಲುಪಿದ 30 ದಿನಗಳೊಳಗಾಗಿ ನನ್ನ ಬ್ಯಾಂಕ್ ಖಾತೆಗೆ ಸಲ್ಲಿಸಬೇಕೆಂದೂ, ಯಾವುದಾದರೂ ಬಾಬನ್ನು ನಿರಾಕರಿಸುವುದಾದರೆ ಆ ಬಾಬಿನ ಎದುರಿಗೇ ಕಾರಣವನ್ನು ಬರೆದು ತಿಳಿಸಬೇಕೆಂದೂ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,

ಈ ಪತ್ರದಲ್ಲಿ ಗಮನಿಸಬೇಕಾದ ಅಂಶಗಳು ಕೆಲವುಂಟು. ಔಷಧಗಳನ್ನು ಮರಳಿ ಕೊಂಡ ಖರ್ಚನ್ನು ಕೇಳಿರುವುದರಿಂದ ಅವನ್ನು ವಸ್ತುಗಳ ಪಟ್ಟಿಯಲ್ಲಿ ಸೇರಿಸಿಲ್ಲ. ಒಂದೇ ನಷ್ಟವನ್ನು ಎರಡು ಕಡೆ ಕೇಳಿದ ಪತ್ರದಲ್ಲಿ ಮಿಕ್ಕ ಬಾಬುಗಳ ಮೇಲಿನ ವಿಶ್ವಾಸವೂ ಕುಂದುತ್ತದೆ. ಬಿಲ್ಲಿಲ್ಲದ ಉಡುಪುಗಳಿಗೆ ಬಿಲ್ಲಿಲ್ಲವೆಂದೇ ಹೇಳಿದೆ. ಮನೋವೇದನೆಗೆಂದು ಲಕ್ಷಗಳನ್ನು ಕೇಳಿಲ್ಲ. ಯುರೋಪಿನ ನ್ಯಾಯಾಲಯವು 2010ರಲ್ಲಿ ಸ್ಪಷ್ಟಪಡಿಸಿದಂತೆ ಒಪ್ಪಂದದ ಮಿತಿಯು ವಸ್ತುನಷ್ಟವನ್ನೂ ಮನೋವ್ಯಥೆಯನ್ನೂ ಒಟ್ಟಾಗಿ ಒಳಗೊಳ್ಳುತ್ತದೆ, ದಂಡರೂಪದ ಪರಿಹಾರವನ್ನಂತೂ ಒಪ್ಪಂದವೇ ನಿಷೇಧಿಸಿದೆ. ಬಾಬುವಾರು ಕಾರಣವನ್ನು ಕೇಳುವ ಕೊನೆಯ ವಾಕ್ಯ ಸಣ್ಣದಾಗಿ ಕಂಡರೂ ಬಹಳ ಪ್ರಯೋಜನಕಾರಿ, ಏಕೆಂದರೆ ಮುಂದೆ ಗ್ರಾಹಕ ಆಯೋಗಕ್ಕೆ ಹೋಗಬೇಕಾದಾಗ ವಿವಾದವು ಯಾವ ಬಾಬಿನ ಬಗ್ಗೆ ಎಂಬುದು ಅವರ ಉತ್ತರದಿಂದಲೇ ನಿಶ್ಚಿತವಾಗಿರುತ್ತದೆ.

ಯಾನದ ಎರಡು ಭಾಗಗಳನ್ನು ಎರಡು ಬೇರೆ ಬೇರೆ ಸಂಸ್ಥೆಗಳು ನಡೆಸಿದ್ದರೆ, ತಪ್ಪು ಮೊದಲನೆಯವರದೆಂದು ಎರಡನೆಯವರೂ, ಎರಡನೆಯವರದೆಂದು ಮೊದಲನೆಯವರೂ ಹೇಳುವುದುಂಟು. ಪೆಟ್ಟಿಗೆಯ ವಿಷಯದಲ್ಲಿ ಮೊದಲ ಸಂಸ್ಥೆ, ಕೊನೆಯ ಸಂಸ್ಥೆ, ನಷ್ಟವಾದ ಭಾಗವನ್ನು ನಡೆಸಿದ ಸಂಸ್ಥೆ, ಇವುಗಳಲ್ಲಿ ಯಾವುದನ್ನಾದರೂ ಹಿಡಿದು ಕೇಳುವ ಹಕ್ಕನ್ನು ಒಪ್ಪಂದವು ಕೊಟ್ಟಿರುವುದರಿಂದ ಪ್ರಯಾಣಿಕನು ಆ ವಾದದಲ್ಲಿ ಸಿಕ್ಕಿಕೊಳ್ಳಬೇಕಾಗಿಲ್ಲ. ಪಿಐಆರ್ ಬರೆದುಕೊಂಡ ಕೊನೆಯ ಸಂಸ್ಥೆಯನ್ನು ಹಿಡಿಯುವುದೇ ಸುಲಭ.

ಇನ್ನು ಸಂಸ್ಥೆಯ ಉತ್ತರ. ಹಲವು ವೇಳೆ ಅದು ತೂಕದ ಲೆಕ್ಕದಲ್ಲಿ ಬರುತ್ತದೆ: ಕಿಲೋಗೆ 20 ಡಾಲರಿನಂತೆ 23 ಕಿಲೋಗೆ 460 ಡಾಲರ್. ಇದು ಹಿಂದಿನ ವಾರ್ಸಾ ಒಪ್ಪಂದದ ಕಾಲದ ಲೆಕ್ಕ. ಹೊಸ ಒಪ್ಪಂದಕ್ಕೆ ಸೇರಿದ ದೇಶಗಳ ನಡುವಣ ಯಾನಗಳಿಗೆ ತೂಕದ ಲೆಕ್ಕವು ಅನ್ವಯಿಸುವುದಿಲ್ಲ, ಮುಂಬಯಿಯಿಂದ ಲಂಡನ್ನಿಗೆ ಹೋಗಿಬರುವ ಟಿಕೆಟ್ಟು ಹೊಸ ಒಪ್ಪಂದದ ವ್ಯಾಪ್ತಿಗೇ ಬರುತ್ತದೆ ಎಂಬುದನ್ನು ವಿನಯದಿಂದ, ಆದರೆ ನಿಸ್ಸಂದಿಗ್ಧವಾಗಿ ಬರೆಯಬೇಕು. ಕೆಲವೊಮ್ಮೆ ಹಣದ ಬದಲು ಮುಂದಿನ ಪ್ರಯಾಣದ ವೋಚರನ್ನು ಕೊಡಲು ಬರುತ್ತಾರೆ. ಅದನ್ನು ಒಪ್ಪಲೇಬೇಕೆಂಬ ನಿರ್ಬಂಧವಿಲ್ಲ. ಎಲ್ಲಕ್ಕಿಂತ ಹೆಚ್ಚಿನ ಎಚ್ಚರಿಕೆ ಬೇಕಾದುದು, ಹಣವನ್ನು ಕಳುಹಿಸುವ ಮುನ್ನ ಅವರು ಸಹಿಗಾಗಿ ಕಳುಹಿಸುವ ಪತ್ರದ ವಿಷಯದಲ್ಲಿ. ಪೂರ್ಣ ಹಾಗೂ ಅಂತಿಮ ಇತ್ಯರ್ಥವೆಂಬ ಒಕ್ಕಣೆ ಅದರಲ್ಲಿದ್ದರೆ, ಸಹಿ ಹಾಕಿದ ಬಳಿಕ ಉಳಿದ ಮೊತ್ತವನ್ನು ಕೇಳುವ ದಾರಿ ಬಹುತೇಕ ಮುಚ್ಚಿದಂತೆಯೇ. ಪ್ರವಾಸದ ವಿಮೆಯಿದ್ದವರು ವಿಮಾಸಂಸ್ಥೆಯಿಂದಲೂ ಹಣವನ್ನು ಪಡೆಯಬಹುದಾದರೂ, ಒಂದೇ ನಷ್ಟಕ್ಕೆ ಇಬ್ಬರಿಂದಲೂ ಪೂರ್ತಿಯಾಗಿ ಪಡೆಯಲಾಗದು.

ಉತ್ತರ ಬಾರದಿದ್ದರೆ ಸಂಸ್ಥೆಯ ನೋಡಲ್ ಅಧಿಕಾರಿಗೂ, ಬಳಿಕ ಮೇಲ್ಮನವಿ ಅಧಿಕಾರಿಗೂ ಬರೆಯಬೇಕು. ವಿಮಾನಯಾನ ಸಚಿವಾಲಯದ ಏರ್‌ಸೇವಾದಲ್ಲಿ ದೂರನ್ನು ದಾಖಲಿಸಬಹುದು, 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೂ ಇದೆ; ಇವು ಸಂಸ್ಥೆಯಿಂದ ಉತ್ತರವನ್ನು ಹೊರಡಿಸಲು ಸಹಾಯಕವೇ ಹೊರತು ಪರಿಹಾರಕ್ಕೆ ಆಜ್ಞೆ ಮಾಡುವ ಅಧಿಕಾರವುಳ್ಳವಲ್ಲ. ಆಜ್ಞೆ ಮಾಡಬಲ್ಲುದು ಗ್ರಾಹಕ ಆಯೋಗ. ವಿಮಾನಸಾರಿಗೆಗೆ ಪ್ರತ್ಯೇಕ ಕಾನೂನಿರುವಾಗ ಗ್ರಾಹಕ ನ್ಯಾಯಪೀಠಕ್ಕೆ ಅಧಿಕಾರವಿದೆಯೇ ಎಂಬ ಆಕ್ಷೇಪವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿತ್ತು. ಅಮೃತಸರದಿಂದ ಮ್ಯಾಡ್ರಿಡ್ಡಿಗೆ ಕಳುಹಿಸಿದ ಸಿದ್ಧ ಉಡುಪುಗಳು ಸೇರಬಾರದವರ ಕೈಸೇರಿದ ಆ ಮೊಕದ್ದಮೆಯಲ್ಲಿ, ಚಿಕ್ಕಮಗಳೂರು ಜಿಲ್ಲೆಯವರೂ ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಗಳಾದವರೂ ಆದ ಎಚ್. ಎಲ್. ದತ್ತು ಅವರು 2011ರಲ್ಲಿ ತೀರ್ಪನ್ನು ಬರೆದು, ಗ್ರಾಹಕ ನ್ಯಾಯಪೀಠಗಳಿಗೆ ಆ ಅಧಿಕಾರವಿದೆಯೆಂದು ಎತ್ತಿಹಿಡಿದರು. ಸಂಸ್ಥೆಯ ಪ್ರಧಾನ ಕಚೇರಿ ಪರದೇಶದಲ್ಲಿದ್ದರೂ ಚಿಂತೆಯಿಲ್ಲ, ಯಾನದ ಗಮ್ಯಸ್ಥಾನದಲ್ಲಿ ದಾವೆ ಹೂಡಲು ಒಪ್ಪಂದದಲ್ಲಿಯೇ ಅವಕಾಶವಿದೆ. ಮುಂಬಯಿಯಿಂದ ಹೊರಟು ಮುಂಬಯಿಗೇ ಮರಳುವ ಟಿಕೆಟ್ಟಿನಲ್ಲಿ ಗಮ್ಯಸ್ಥಾನವೆಂದರೆ ಮುಂಬಯಿಯೇ.

2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಮುಲುಂಡ್, ಅಂಧೇರಿ, ಗೋರೆಗಾಂವ್ ಮೊದಲಾದೆಡೆಯವರು ಬಾಂದ್ರಾ ಪೂರ್ವದಲ್ಲಿರುವ ಉಪನಗರ ಜಿಲ್ಲೆಯ ಆಯೋಗಕ್ಕೂ, ಮಾಟುಂಗ ದಾದರಿನವರು ಮುಂಬಯಿ ನಗರಜಿಲ್ಲೆಯ ಆಯೋಗಕ್ಕೂ, ಡೊಂಬಿವಲಿಯವರು ಠಾಣೆ ಜಿಲ್ಲೆಯ ಆಯೋಗಕ್ಕೂ ಹೋಗಬೇಕು. ತೆತ್ತ ಟಿಕೆಟ್ಟಿನ ಹಣ ಐದು ಲಕ್ಷವನ್ನು ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದೂ ಇಲ್ಲ. ಆದರೆ ವಿಮಾನವು ಗಮ್ಯಸ್ಥಾನವನ್ನು ಸೇರಿದ ದಿನದಿಂದ ಎರಡು ವರ್ಷಗಳೊಳಗೆ ದಾವೆಯನ್ನು ಹೂಡದಿದ್ದರೆ ಪರಿಹಾರದ ಹಕ್ಕೇ ಲೋಪವಾಗುತ್ತದೆಂದು ಒಪ್ಪಂದವು ಹೇಳಿದೆ. ನಮ್ಮ ಅಧ್ಯಾಪಿಕೆಯವರಿಗೆ ಅದು 2027ರ ಮಾರ್ಚ್ ಆರಂಭ. ಸಂಸ್ಥೆಯು ಪರಿಶೀಲನೆಯಲ್ಲಿದೆ, ಪರಿಶೀಲನೆಯಲ್ಲಿದೆ ಎಂದು ಬರೆಯುತ್ತಲೇ ಇದ್ದಿತೆಂಬ ಕಾರಣದಿಂದ ಆ ಗಡುವು ಮುಂದಕ್ಕೆ ಹೋಗುವುದಿಲ್ಲ.

ಪರಿಹಾರವು ಇತ್ಯರ್ಥವಾಗುವ ಮುನ್ನವೇ ಪೆಟ್ಟಿಗೆ ಎಲ್ಲಿಯೋ ಸಿಕ್ಕಿ ಮನೆಗೆ ಬರುವುದೂ ಉಂಟು. ಆಗ ತಂದವನ ರಸೀದಿಗೆ ಸಹಿ ಹಾಕುವ ಮುನ್ನ ಅವನೆದುರಿಗೇ ಅದನ್ನು ತೆರೆದು, ಮೊದಲ ರಾತ್ರಿ ಮಾಡಿದ ಪಟ್ಟಿಯೊಡನೆ ಹೋಲಿಸಿ, ಕಡಮೆಯಾದುದನ್ನೂ ಕೆಟ್ಟುದನ್ನೂ ರಸೀದಿಯ ಮೇಲೆಯೇ ಬರೆದು, ಪೆಟ್ಟಿಗೆ ರಸೀದಿಗಳೆರಡರ ಛಾಯಾಚಿತ್ರವನ್ನೂ ತೆಗೆದುಕೊಳ್ಳಬೇಕು. ತೆರೆಯಲು ಅವನು ಅವಕಾಶ ಕೊಡದಿದ್ದರೆ ಪೆಟ್ಟಿಗೆಯನ್ನು ತೆರೆಯದೆಯೇ ಪಡೆದೆನೆಂದು ಬರೆದು ಸಹಿ ಮಾಡಬೇಕು. ಹಾನಿಗೆ ಇರುವ ಏಳು ದಿನಗಳೂ, ವಿಳಂಬಕ್ಕೆ ಇರುವ ಇಪ್ಪತ್ತೊಂದು ದಿನಗಳೂ ಆ ದಿನದಿಂದಲೇ ಎಣಿಕೆಗೆ ಬರುವುದರಿಂದ, ಹಿಂದೆ ಕಳುಹಿಸಿದ ದೂರು ಇದೆಯೆಂದು ಸುಮ್ಮನಿರದೆ, ಆ ವಾರದಲ್ಲಿಯೇ ಎರಡನೆಯ ಪತ್ರವನ್ನು ಬರೆದು, ಕಾಣೆಯಾದ ವಸ್ತುಗಳಿಗೂ ತಡವಾದುದರಿಂದ ಆದ ಖರ್ಚಿಗೂ ಬೇಡಿಕೆಯನ್ನು ತಿದ್ದಿ ಕಳುಹಿಸತಕ್ಕದ್ದು.